ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜುವುದೇಕೆ? ಗುದಗ್ರಂಥಿಯನ್ನು ಹಿಂಡಿಸಬೇಕಾದದ್ದು ಯಾವಾಗ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆಯ ಕಾಫಿ ತೋಟದ ಮನೆ. ಆರು ವರ್ಷದ ಹೆಣ್ಣು ಲ್ಯಾಬ್ರಡಾರ್ ಇದ್ದಾಳೆ, ತೂಕ 38 ಕೆ.ಜಿ. ಎರಡು ತಿಂಗಳಿಂದ ಕುಳಿತಲ್ಲೇ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತಾ ತೆವಳುತ್ತಾಳೆ, ಕೆಲವೊಮ್ಮೆ ಮೀನಿನಂಥ ಕೆಟ್ಟ ವಾಸನೆ ಬರುತ್ತದೆ. ನಾಯಿಗಳಿಗೆ ಸ್ನಾನ ಮಾಡಿಸುವವರು ಎರಡು ಸಲ ಗ್ರಂಥಿ ಹಿಂಡಿದರು. ಎರಡೇ ದಿನಕ್ಕೆ ಮತ್ತೆ ಶುರುವಾಯಿತು. ಮಲ ಮೆತ್ತಗಿರುತ್ತದೆ, ಮಳೆಗಾಲದಲ್ಲಿ ಪಾದಗಳನ್ನೂ ಬಹಳ ನೆಕ್ಕುತ್ತಾಳೆ. ಪ್ರತಿ ತಿಂಗಳೂ ಹಿಂಡಿಸಬೇಕು ಎನ್ನುತ್ತಾರೆ. ಅದು ಸರಿಯೇ? ನಾನೇ ಮನೆಯಲ್ಲಿ ಮಾಡಲು ಕಲಿಯಬಹುದೇ?

ಉತ್ತರ: ಪ್ರತಿ ತಿಂಗಳೂ ಹಿಂಡಿಸುವ ಅಗತ್ಯವಿಲ್ಲ. ಸದ್ಯಕ್ಕೆ ನೀವು ಅದನ್ನು ಕಲಿಯುವುದೂ ಬೇಡ. ಗ್ರಂಥಿಯ ಚೀಲ ಖಾಲಿಯಾದ ಎರಡೇ ದಿನಕ್ಕೆ ಉಜ್ಜುವುದು ಮರಳಿ ಬಂದಿದೆ ಎಂದರೆ ತೊಂದರೆಯ ಮೂಲ ಬಹುಶಃ ಆ ಚೀಲದಲ್ಲಿಲ್ಲ. ಹೀಗೆ ಹೇಳಲು ಕಾರಣವೇನೆಂದು ತಿಳಿಯಬೇಕಾದರೆ ಆ ಗ್ರಂಥಿಗಳು ಎಲ್ಲಿವೆ, ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಮೊದಲು ನೋಡಬೇಕು.

ನಾಯಿಯ ಬಾಲವನ್ನು ಎತ್ತಿ ಗುದದ್ವಾರವನ್ನು ಗಡಿಯಾರದ ಮುಖವೆಂದು ಭಾವಿಸಿದರೆ, ನಾಲ್ಕು ಮತ್ತು ಎಂಟು ಗಂಟೆಯ ಜಾಗದಲ್ಲಿ ಚರ್ಮದ ಒಳಗೆ ಎರಡು ಚಿಕ್ಕ ಚೀಲಗಳಿರುತ್ತವೆ. ನಾವು ರೂಢಿಯಲ್ಲಿ ಗುದಗ್ರಂಥಿ ಎನ್ನುವುದು ಈ ಚೀಲಗಳನ್ನೇ. ನಿಜವಾದ ಗ್ರಂಥಿಗಳು ಅವುಗಳ ಒಳಗೋಡೆಯಲ್ಲಿದ್ದು, ಅಲ್ಲಿ ಸ್ರವಿಸಿದ ದ್ರವ ಚೀಲದಲ್ಲಿ ಸೇರಿಕೊಳ್ಳುತ್ತದೆ. ಮಧ್ಯಮ ಗಾತ್ರದ ನಾಯಿಯಲ್ಲಿ ತುಂಬಿದ ಚೀಲ ಹೆಚ್ಚುಕಡಿಮೆ ಒಂದು ಕಾಫಿ ಹಣ್ಣಿನಷ್ಟಿರುತ್ತದೆ. ಪ್ರತಿ ಚೀಲದಿಂದಲೂ ಒಂದೊಂದು ಸಪೂರ ನಾಳ ಹೊರಟು ಗುದದ್ವಾರದ ಅಂಚಿನಲ್ಲೇ ತೆರೆದುಕೊಳ್ಳುತ್ತದೆ. ಚೀಲಗಳು ಗುದದ ಒಳಸ್ನಾಯು ಮತ್ತು ಹೊರಸ್ನಾಯುಗಳ ನಡುವೆ ಸಿಕ್ಕಿಕೊಂಡಿರುವುದರಿಂದ, ಗಟ್ಟಿಯಾದ ಮಲ ಹೊರಬರುವಾಗ ಒಳಗಿನಿಂದ ಮಲದ ಒತ್ತಡವೂ ಹೊರಗಿನಿಂದ ಸ್ನಾಯುವಿನ ಬಿಗಿತವೂ ಸೇರಿ ಅವು ತಾವಾಗಿಯೇ ಸ್ವಲ್ಪ ಸ್ವಲ್ಪ ಖಾಲಿಯಾಗುತ್ತವೆ. ನಾಯಿ ಹೆದರಿದಾಗಲೂ ಸ್ನಾಯು ಬಿಗಿದು ದ್ರವ ಚಿಮ್ಮುವುದುಂಟು. ಪಟಾಕಿ ಸದ್ದಿಗೋ ಸಿಡಿಲಿಗೋ ಬೆದರಿದ ನಾಯಿ ಮಲಗಿದ್ದ ಚಾಪೆಯಲ್ಲಿ ಹಠಾತ್ತನೆ ಮೀನಿನ ವಾಸನೆ ಬಂದರೆ ಅದು ರೋಗವಲ್ಲ.

ಈ ಏರ್ಪಾಡು ಕೈಕೊಡುವುದು ಸಾಮಾನ್ಯವಾಗಿ ಎರಡು ಕಡೆಯಿಂದ. ಮಲ ಸದಾ ಮೆತ್ತಗಿದ್ದರೆ ಚೀಲದ ಮೇಲೆ ಬೀಳಬೇಕಾದ ಒತ್ತಡ ಬೀಳುವುದಿಲ್ಲ. ಗುದದ ಸುತ್ತಲಿನ ಚರ್ಮ ತುರಿಕೆಯಿಂದ ಊದಿಕೊಂಡಿದ್ದರೆ ನಾಳದ ಬಾಯಿ ಕಿರಿದಾಗಿ ದ್ರವ ಒಳಗೇ ನಿಲ್ಲುತ್ತದೆ. ನಿಂತ ದ್ರವದ ನೀರಿನಂಶ ಕಡಿಮೆಯಾಗಿ ಅದು ಹಲ್ಲಿಗೆ ಹಚ್ಚುವ ಪೇಸ್ಟಿನಷ್ಟು ದಪ್ಪಗಾಗುತ್ತದೆ, ಆಮೇಲೆ ಸಪೂರ ನಾಳದಲ್ಲಿ ಇಳಿಯುವುದೇ ಇಲ್ಲ. ಬೊಜ್ಜು ಬಂದ ನಾಯಿಗಳಲ್ಲಿ ಈ ತೊಂದರೆ ಹೆಚ್ಚು ಕಾಣುತ್ತದೆ. ಆದ್ದರಿಂದ ತುಂಬಿದ ಚೀಲ ಎಷ್ಟೋ ಸಲ ಬೇರೊಂದು ತೊಂದರೆಯ ಫಲ. ಅದನ್ನೇ ಕಾರಣವೆಂದು ಹಿಡಿದು ಹಿಂಡುತ್ತಾ ಹೋದರೆ ಮೂಲ ಹಾಗೆಯೇ ಉಳಿಯುತ್ತದೆ.

ಇನ್ನು ಉಜ್ಜುವ ವಿಷಯ. ಗುದದ ಸುತ್ತ ಏನೇ ತುರಿಸಿದರೂ, ಉರಿದರೂ, ಅಂಟಿಕೊಂಡರೂ ನಾಯಿಗೆ ಗೊತ್ತಿರುವ ಉಪಾಯ ನೆಲಕ್ಕೆ ಉಜ್ಜುವುದು ಅಥವಾ ತಿರುಗಿ ನೆಕ್ಕುವುದು, ಇವೆರಡೇ. ಹಾಗಾಗಿ ಉಜ್ಜುವುದನ್ನು ನೋಡಿದ ಮಾತ್ರಕ್ಕೆ ಕಾರಣ ತಿಳಿಯುವುದಿಲ್ಲ. ನಮ್ಮ ಜಿಲ್ಲೆಯ ತೋಟದ ನಾಯಿಗಳಲ್ಲಿ ನಾನು ಮೊದಲು ಹುಡುಕುವುದು ಚಿಗಟವನ್ನು, ಅದರ ಜೊತೆಗೇ ಬರುವ ಲಾಡಿಹುಳುವನ್ನು. ಲಾಡಿಹುಳುವಿನ ಮೊಟ್ಟೆಯನ್ನು ಚಿಗಟದ ಮರಿಹುಳು ತಿನ್ನುತ್ತದೆ. ಅದು ಬೆಳೆದು ಚಿಗಟವಾಗುತ್ತದೆ. ಮೈ ಕಚ್ಚಿಕೊಳ್ಳುವಾಗ ನಾಯಿ ಆ ಚಿಗಟವನ್ನು ನುಂಗುತ್ತದೆ. ಹುಳು ಕರುಳಿನಲ್ಲಿ ಬೆಳೆದು ಅದರ ತುಂಡುಗಳು ಒಂದೊಂದಾಗಿ ಗುದದಿಂದ ಹೊರಗೆ ತೆವಳುತ್ತವೆ. ಆ ತೆವಳಿಕೆಯೇ ತುರಿಕೆ. ಹಸಿ ತುಂಡು ಬೆಳ್ಳಗಿದ್ದು ನಿಧಾನವಾಗಿ ಅಲುಗಾಡುತ್ತದೆ, ಒಣಗಿದ್ದು ಬಾಲದ ಬುಡದ ಕೂದಲಿನಲ್ಲಿ ಅಥವಾ ಮಲಗುವ ಗೋಣಿಯ ಮೇಲೆ ಹಳದಿ ಬಣ್ಣದ ಅಕ್ಕಿಕಾಳಿನಂತೆ ಕಾಣುತ್ತದೆ. ಮಲಪರೀಕ್ಷೆಯಲ್ಲಿ ಈ ಹುಳು ಕಾಣದೆ ಹೋಗುವುದು ಸಾಮಾನ್ಯ, ಏಕೆಂದರೆ ಮೊಟ್ಟೆಗಳು ತುಂಡಿನೊಳಗೇ ಇರುತ್ತವೆ, ಮಲದಲ್ಲಿ ಬಿಡಿಯಾಗಿ ಬೆರೆಯುವುದು ಕಡಿಮೆ. ಬೆಳಗಿನ ಬೆಳಕಿನಲ್ಲಿ ಬಾಲ ಎತ್ತಿ ನೀವೇ ನೋಡುವುದು ಪ್ರಯೋಗಾಲಯದ ವರದಿಗಿಂತ ಹೆಚ್ಚು ಹೇಳುತ್ತದೆ.

ಮಳೆಗಾಲದಲ್ಲಿ ಇನ್ನೊಂದನ್ನೂ ನೋಡಿ. ತೋಟದೊಳಗೆ ಅಡ್ಡಾಡಿ ಬಂದ ನಾಯಿಯ ಬಾಲದ ಕೆಳಗೆ, ತೊಡೆಯ ಸಂದಿನಲ್ಲಿ ಜಿಗಣೆ ಕಚ್ಚಿರಬಹುದು, ಗುದದ ಅಂಚಿನಲ್ಲೇ ಉಣ್ಣೆ ಕೂತಿರಬಹುದು. ಇವು ಕಣ್ಣಿಗೆ ಬೀಳುವ ಕಾರಣಗಳಾದ್ದರಿಂದ ಹೆಚ್ಚು ಬರೆಯುವ ಅಗತ್ಯವಿಲ್ಲ.

ಕಣ್ಣಿಗೆ ಬೀಳದ ಕಾರಣವೆಂದರೆ ಅಲರ್ಜಿ. ಅಲರ್ಜಿ ಇರುವ ನಾಯಿಯ ಚರ್ಮ ಎಲ್ಲ ಕಡೆ ಒಂದೇ ಸಮ ತುರಿಸುವುದಿಲ್ಲ. ಪಾದ, ಕಿವಿ, ಕಂಕುಳು, ತೊಡೆಯ ಸಂದು, ಗುದದ ಸುತ್ತ, ಈ ಜಾಗಗಳನ್ನು ಅದು ಆರಿಸಿಕೊಳ್ಳುತ್ತದೆ. ನೀವು ಪ್ರಶ್ನೆಯ ಕೊನೆಯಲ್ಲಿ ಪಾದ ನೆಕ್ಕುವ ಸಂಗತಿಯನ್ನು ಸೇರಿಸಿದ್ದೀರಿ. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಅತಿ ಮುಖ್ಯವಾದ ಸುಳಿವು ಅದೇ. ಪಾದವನ್ನೂ ನೆಕ್ಕಿ ಹಿಂಭಾಗವನ್ನೂ ಉಜ್ಜುವ ನಾಯಿಯಲ್ಲಿ ನಾನು ಗ್ರಂಥಿಗಿಂತ ಮೊದಲು ಚರ್ಮವನ್ನು ನೋಡುತ್ತೇನೆ. ಕಾಲ್ಬೆರಳುಗಳ ನಡುವೆ ಕೆಂಪಾಗಿದೆಯೇ, ತಿಳಿ ಬಣ್ಣದ ರೋಮ ನೆಕ್ಕಿ ನೆಕ್ಕಿ ಕಂದಾಗಿದೆಯೇ, ಕಿವಿಯೊಳಗೆ ಪದೇ ಪದೇ ಸೋಂಕಾಗುತ್ತದೆಯೇ ಎಂಬುದನ್ನು ನೀವೂ ಗಮನಿಸಿ. ಲ್ಯಾಬ್ರಡಾರ್ ತಳಿಯಲ್ಲಿ ಈ ಬಗೆಯ ಚರ್ಮದ ಅಲರ್ಜಿ ಸಾಮಾನ್ಯ.

ಹಾಗಾದರೆ ಗ್ರಂಥಿಯೇ ಕಾರಣವೋ ಅಲ್ಲವೋ ಎಂದು ಹೇಗೆ ನಿರ್ಧರಿಸುವುದು? ವೈದ್ಯರು ಒಂದು ಸಲ ಚೀಲವನ್ನು ಮುಟ್ಟಿ ನೋಡಿ, ತುಂಬಿದ್ದರೆ ಖಾಲಿ ಮಾಡಿ, ಆಮೇಲೆ ಏನಾಗುತ್ತದೆಂದು ಕಾಯುವುದೇ ಇದಕ್ಕೆ ಪರೀಕ್ಷೆ. ಬೆರಳಿನ ಒತ್ತಡದಿಂದ ಒಂದೆರಡು ದಿನ ಉರಿ ಇರುವುದು ಸಹಜ, ಆ ಅವಧಿಯ ಉಜ್ಜುವಿಕೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಅನಂತರ ಕೆಲವು ವಾರ ಆರಾಮವಾಗಿದ್ದು, ಮತ್ತೆ ಉಜ್ಜತೊಡಗಿದಾಗ ಮುಟ್ಟಿ ನೋಡಿದರೆ ಚೀಲ ದಪ್ಪ ದ್ರವದಿಂದ ತುಂಬಿದ್ದರೆ, ಗ್ರಂಥಿಯ ಪಾಲು ದೊಡ್ಡದು. ಹಾಗಾಗದೆ, ವಾರದೊಳಗೆ ಅಷ್ಟೇ ಜೋರಾಗಿ ಉಜ್ಜುತ್ತಿದ್ದು, ಆಗ ಮುಟ್ಟಿ ನೋಡಿದರೆ ಚೀಲ ಖಾಲಿಯೇ ಇದ್ದರೆ, ಖಾಲಿ ಚೀಲ ತುರಿಸುವುದಿಲ್ಲ ಎಂಬುದನ್ನು ಒಪ್ಪಿಕೊಂಡು ಹುಳು, ಚಿಗಟ, ಅಲರ್ಜಿಗಳ ಕಡೆ ತಿರುಗಬೇಕು. ನಿಮ್ಮವಳಿಗೆ ಎರಡನೆಯ ದಿನವೇ ತೊಂದರೆ ಶುರುವಾದಾಗ ಯಾರೂ ಚೀಲವನ್ನು ಮತ್ತೆ ಮುಟ್ಟಿ ನೋಡಿಲ್ಲ. ಹಾಗೆ ನೋಡದೆಯೇ ತಿಂಗಳಿಗೊಮ್ಮೆ ಎಂಬ ಸಲಹೆ ಬಂದಿದೆ.

ಹಿಂಡಿದಾಗ ಹೊರಬಂದದ್ದರ ಬಣ್ಣ ನೋಡಿ ಸೋಂಕಾಗಿದೆ ಎನ್ನುವವರೂ ಇದ್ದಾರೆ. ಆರೋಗ್ಯವಂತ ನಾಯಿಗಳಲ್ಲೇ ಈ ದ್ರವ ತಿಳಿ ಹಳದಿಯಿಂದ ಕಂದು ಬಣ್ಣದವರೆಗೆ, ನೀರಿನಿಂದ ಕೆನೆಯ ಹದದವರೆಗೆ ಬದಲಾಗುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾಗಳೂ ಸಹಜವಾಗಿಯೇ ಇರುತ್ತವೆ. ವಾಸನೆಯಂತೂ ಯಾವಾಗಲೂ ಕೆಟ್ಟದ್ದೇ. ರಕ್ತ ಅಥವಾ ಕೀವು ಬಂದರೆ, ಮುಟ್ಟಿದ ಕೂಡಲೇ ನಾಯಿ ನೋವಿನಿಂದ ಕೂಗಿದರೆ, ಒಂದು ಬದಿಯ ಚರ್ಮ ಕೆಂಪಾಗಿ ಊದಿದ್ದರೆ ಮಾತ್ರ ಸೋಂಕಿನ ಮಾತು ಬರುತ್ತದೆ. ಬಣ್ಣ ನೋಡಿ ಆ್ಯಂಟಿಬಯಾಟಿಕ್ ಕೊಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಹಿಂಡುವುದು ಅಗತ್ಯವಾಗುವುದು ಚೀಲ ಬೆರಳಿಗೆ ತುಂಬಿ ಬಿಗಿದಂತೆ ಸಿಕ್ಕು, ಅದರ ಜೊತೆಗೆ ನಾಯಿಗೆ ತೊಂದರೆಯೂ ಇದ್ದಾಗ. ಎರಡೂ ಒಟ್ಟಿಗೆ ಇರಬೇಕು. ಯಾವ ತೊಂದರೆಯೂ ಇಲ್ಲದ ನಾಯಿಯ ಚೀಲವನ್ನು ಸ್ನಾನದ ಜೊತೆಗೊಂದು ಸೇವೆಯೆಂದು ಹಿಂಡುವುದರಿಂದ ಲಾಭವಿಲ್ಲ, ಹಾನಿಯಿದೆ: ಪದೇ ಪದೇ ಒತ್ತಿದಾಗ ನಾಳದ ಒಳಪದರಕ್ಕೆ ಪೆಟ್ಟಾಗಿ ಊದಿಕೊಳ್ಳುತ್ತದೆ, ಊದಿದ ನಾಳದಲ್ಲಿ ದ್ರವ ಇನ್ನಷ್ಟು ನಿಲ್ಲುತ್ತದೆ, ಕೊನೆಗೆ ಹಿಂಡದೆ ಇರಲಾಗದ ಸ್ಥಿತಿಯೂ ಬರಬಹುದು.

ಹಿಂಡುವ ಬಗೆಯಲ್ಲೂ ವ್ಯತ್ಯಾಸವಿದೆ. ಸ್ನಾನದ ಜಾಗಗಳಲ್ಲಿ ಹೆಚ್ಚಾಗಿ ಮಾಡುವುದು ಹೊರಗಿನಿಂದ ಎರಡು ಬೆರಳುಗಳಲ್ಲಿ ಒತ್ತುವ ಕ್ರಮ. ಅದರಲ್ಲಿ ತೆಳುವಾದ ದ್ರವ ಮಾತ್ರ ಬರುತ್ತದೆ, ತಳದಲ್ಲಿ ಗಟ್ಟಿಯಾದದ್ದು ಉಳಿಯುತ್ತದೆ, ಚೀಲದ ಗೋಡೆ ಹೇಗಿದೆ ಎಂಬುದೂ ತಿಳಿಯುವುದಿಲ್ಲ. ವೈದ್ಯರು ಕೈಗವಸು ಹಾಕಿ, ಜಾರುವ ಜೆಲ್ ಹಚ್ಚಿದ ತೋರುಬೆರಳನ್ನು ನಿಧಾನವಾಗಿ ಗುದದೊಳಗೆ ಇಟ್ಟು, ಹೆಬ್ಬೆರಳನ್ನು ಹೊರಗಿಟ್ಟು, ಎರಡು ಬೆರಳುಗಳ ನಡುವೆ ಚೀಲವನ್ನು ಹಿಡಿದುಕೊಳ್ಳುತ್ತಾರೆ. ಹೊರಗೆ ಹತ್ತಿಯನ್ನು ಅಡ್ಡಹಿಡಿದು, ತಳದಿಂದ ನಾಳದ ಬಾಯಿಯ ಕಡೆಗೆ ಹಗುರವಾಗಿ ಒತ್ತುತ್ತಾ ಬರುತ್ತಾರೆ. ಒಂದೊಂದು ಬದಿಯನ್ನು ಬೇರೆ ಬೇರೆಯಾಗಿ ಮಾಡುತ್ತಾರೆ. ಖಾಲಿಯಾದ ಮೇಲೆ ಬೆರಳಿಗೆ ಏನೂ ಸಿಗಬಾರದು. ಗಂಟು ಉಳಿದರೆ ಅದರ ಬಗ್ಗೆ ಯೋಚಿಸಬೇಕು. ಹಗುರವಾಗಿ ಒತ್ತಿದಾಗ ಬಾರದಿದ್ದರೆ ಬಲ ಹೆಚ್ಚಿಸುವುದಿಲ್ಲ. ನಾಯಿಗೆ ಮಂಪರು ಬರಿಸಿ, ನಾಳದೊಳಗೆ ಸಪೂರ ಕೊಳವೆ ತೂರಿಸಿ, ಸಲೈನ್ ಬಿಟ್ಟು ಕರಗಿಸಿ ತೊಳೆಯುತ್ತಾರೆ.

ಊದಿಕೊಂಡು ನೋಯುತ್ತಿರುವ ಚೀಲವನ್ನಂತೂ ಮನೆಯಲ್ಲಿ ಒತ್ತಲೇಬಾರದು. ಪೊನ್ನಂಪೇಟೆ ಕಡೆಯ ತೋಟವೊಂದರಿಂದ ನನ್ನಲ್ಲಿಗೆ ಬಂದಿದ್ದ ನಾಲ್ಕು ವರ್ಷದ ಕಾಕರ್ ಸ್ಪ್ಯಾನಿಯಲ್ ನಾಯಿಯ ಬಾಲದ ಬಲಬದಿಯಲ್ಲಿ ಬೆರಳ ತುದಿಯಷ್ಟು ತೂತಾಗಿ ರಕ್ತ ಬೆರೆತ ಕೀವು ಸೋರುತ್ತಿತ್ತು. ಕಾಡುಹಂದಿ ತಿವಿದಿರಬೇಕು ಎಂದು ಮನೆಯವರು ಅರಿಶಿನ ಮೆತ್ತಿದ್ದರು. ಕೇಳುತ್ತಾ ಹೋದಂತೆ ಹಿಂದಿನ ಕಥೆ ಹೊರಬಂತು: ಅದಕ್ಕೂ ಮೊದಲಿನ ಎರಡು ವಾರ ಅದು ಹಿಂಭಾಗ ಉಜ್ಜುತ್ತಿತ್ತು, ಆಮೇಲೆ ಉಜ್ಜುವುದನ್ನು ತಾನಾಗಿ ನಿಲ್ಲಿಸಿ ಕುಳಿತುಕೊಳ್ಳಲು ಹಿಂಜರಿಯತೊಡಗಿತ್ತು, ಬಾಲದ ಹತ್ತಿರ ಕೈ ಹೋದರೆ ಗುರ್‌ಗುಡುತ್ತಿತ್ತು, ತೋಟದ ಕೆಲಸಗಾರರೊಬ್ಬರು ಹಿಡಿದು ಒತ್ತಿದ್ದರು. ತೂತು ಇದ್ದದ್ದು ಸರಿಯಾಗಿ ನಾಲ್ಕು ಗಂಟೆಯ ಜಾಗದಲ್ಲಿ. ಅದು ಗಾಯವಾಗಿರಲಿಲ್ಲ, ಬಲಬದಿಯ ಚೀಲದಲ್ಲಿ ಕೀವು ತುಂಬಿ, ನಾಳ ಕಟ್ಟಿ, ಚರ್ಮವನ್ನೇ ಒಡೆದು ಹೊರಬಂದ ಬಾವು.

ಮಂಪರಿನಲ್ಲಿ ಸುತ್ತಲಿನ ರೋಮ ಕತ್ತರಿಸಿ, ತೂತಿನ ಮೂಲಕ ಸಲೈನಿನಿಂದ ಒಳಗನ್ನು ಚೆನ್ನಾಗಿ ತೊಳೆದೆವು. ಹೊಲಿಗೆ ಹಾಕಲಿಲ್ಲ, ಏಕೆಂದರೆ ಮುಚ್ಚಿದರೆ ಕೀವು ಮತ್ತೆ ಒಳಗೇ ನಿಲ್ಲುತ್ತದೆ. ಆ್ಯಂಟಿಬಯಾಟಿಕ್, ನಾಯಿಗಳಿಗೆಂದೇ ಇರುವ ನೋವಿನ ಔಷಧ, ಕುತ್ತಿಗೆಗೆ ನೆಕ್ಕದಂತೆ ತಡೆಯುವ ಕಾಲರ್, ದಿನಕ್ಕೆ ಎರಡು ಮೂರು ಬಾರಿ ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯ ಶಾಖ. ಎರಡು ವಾರದ ಹೊತ್ತಿಗೆ ತೂತು ಒಳಗಿನಿಂದ ತುಂಬಿಕೊಂಡು ಬಂದಿತ್ತು. ಎಡಬದಿಯ ಚೀಲದಲ್ಲಿಯೂ ದಪ್ಪ ದ್ರವ ಸಿಕ್ಕಿತ್ತು, ಅದನ್ನು ಅದೇ ದಿನ ಖಾಲಿ ಮಾಡಿದ್ದೆವು. ರೋಮ ಕತ್ತರಿಸುವಾಗ ಬಾಲದ ಬುಡದಲ್ಲಿ ಚಿಗಟದ ಕಪ್ಪು ಹಿಕ್ಕೆ ಉದುರಿದ್ದರಿಂದ ಅದಕ್ಕೂ ಔಷಧ ಕೊಟ್ಟೆವು. ಆ ಒಂದು ಕೆಲಸ ಮೊದಲೇ ಆಗಿದ್ದರೆ ಬಾವಿನವರೆಗೆ ಹೋಗುತ್ತಿರಲಿಲ್ಲ ಎಂಬುದು ನನ್ನ ಅಂದಾಜು. ಉಜ್ಜುವುದು ನಿಂತಿತೆಂದು ನೆಮ್ಮದಿಪಡುವ ಮೊದಲು, ನಾಯಿ ಆರಾಮವಾಗಿ ಕೂರುತ್ತಿದೆಯೇ, ಮಲ ಮಾಡುವಾಗ ಅಳುತ್ತಿದೆಯೇ ಎಂದು ನೋಡಬೇಕಾದದ್ದು ಇದಕ್ಕಾಗಿಯೇ. ನೋವಿಗೆಂದು ಮನುಷ್ಯರ ಐಬುಪ್ರೊಫೆನ್‌ನಂಥ ಮಾತ್ರೆ ಕೊಡಬೇಡಿ. ನಾಯಿಯ ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ಅದು ಅಪಾಯಕಾರಿ. ಸೀಮೆಎಣ್ಣೆ, ಸುಣ್ಣ ಹಚ್ಚುವ ಪದ್ಧತಿಯೂ ಬೇಡ.

ನಿಮ್ಮ ನಾಯಿಗೆ ನಾನು ಹೇಳುವ ಕ್ರಮ ಹೀಗೆ. ಮೊದಲು ಚಿಗಟ ಮತ್ತು ಲಾಡಿಹುಳು ಎರಡಕ್ಕೂ ಒಟ್ಟಿಗೆ ಔಷಧ ಕೊಡಿಸಿ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆ ಬೇಕು, ಪ್ರಮಾಣ ಕೆ.ಜಿ.ಗೆ ಸುಮಾರು 5 ಮಿ.ಗ್ರಾಂ. ಆದ್ದರಿಂದ, 38 ಕೆ.ಜಿ.ಯ ನಾಯಿಗೆ ಅಂಗಡಿಯವರು ಅಂದಾಜಿಗೆ ಕೊಡುವ ಒಂದೆರಡು ಮಾತ್ರೆ ಎಷ್ಟೋ ಸಲ ಸಾಲುವುದಿಲ್ಲ. ನಿಮ್ಮ ವೈದ್ಯರು ತೂಕ ನೋಡಿ ಬರೆದುಕೊಡಲಿ. ಚಿಗಟದ ಔಷಧವನ್ನು ಮನೆಯಲ್ಲಿರುವ ಎಲ್ಲ ನಾಯಿ ಬೆಕ್ಕುಗಳಿಗೂ, ಆಯಾ ಪ್ರಾಣಿಗೆ ತಕ್ಕದ್ದನ್ನು, ಕನಿಷ್ಠ ಮೂರು ತಿಂಗಳು ಬಿಡದೆ ಮುಂದುವರಿಸಬೇಕು, ಏಕೆಂದರೆ ನೆಲದ ಸಂದಿಯಲ್ಲಿ, ಗೋಣಿಯ ಮಡಿಕೆಯಲ್ಲಿ ಕೋಶಾವಸ್ಥೆಯಲ್ಲಿರುವ ಚಿಗಟಗಳು ವಾರಗಟ್ಟಲೆ ಬಿಟ್ಟು ಹೊರಬರುತ್ತವೆ. ತೋಟಕ್ಕೆ ಸಿಂಪಡಿಸುವ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಗೆ ಹಚ್ಚುವುದನ್ನು ನಾನು ಇನ್ನೂ ನೋಡುತ್ತೇನೆ. ಅದರಿಂದ ಚಿಗಟದ ಜೊತೆಗೆ ನಾಯಿಯೂ ಸಾಯಬಹುದು.

ಎರಡನೆಯದು ಮಲ. ಊಟಕ್ಕೆ ಏನು ಹಾಕುತ್ತೀರಿ ಎಂದು ನೀವು ಬರೆದಿಲ್ಲ. ಆದರೆ ನಮ್ಮ ಮನೆಗಳಲ್ಲಿ ನಾಯಿಯ ತಟ್ಟೆಗೆ ಅನ್ನದ ಮೇಲೆ ಪಂದಿ ಕರಿಯ ಕೊಬ್ಬಿನ ತುಂಡು ಮತ್ತು ಗೊಜ್ಜು ಬೀಳುವುದು ಗೊತ್ತಿರುವ ಸಂಗತಿ. ಆ ಕೊಬ್ಬು ಮತ್ತು ಮಸಾಲೆ ಮಲವನ್ನು ಸಡಿಲಗೊಳಿಸುತ್ತವೆ, ಅದರಲ್ಲಿರುವ ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ಮಸಾಲೆಯಿಲ್ಲದೆ ಬೇಯಿಸಿದ, ಕೊಬ್ಬು ತೆಗೆದ ಮಾಂಸಕ್ಕೆ ಬದಲಾಯಿಸಿ, ಊಟದ ಜೊತೆ ಬೇಯಿಸಿ ಹಿಸುಕಿದ ಸಿಹಿಗುಂಬಳ ಎರಡು ಮೂರು ದೊಡ್ಡ ಚಮಚ ಬೆರೆಸಿ. ಅದು ಸಾಲದಿದ್ದರೆ ಇಸಬಗೋಲನ್ನು ದಿನಕ್ಕೆ ಒಂದು ಚಹಾ ಚಮಚದಿಂದ ಆರಂಭಿಸಿ, ಸಾಕಷ್ಟು ನೀರಿನಲ್ಲಿ ನೆನೆಸಿಯೇ ಕೊಡಿ. ನಾರು ಎಲ್ಲ ನಾಯಿಗಳಿಗೂ ಒಂದೇ ರೀತಿ ಕೆಲಸ ಮಾಡುವುದಿಲ್ಲ, ಕೆಲವಕ್ಕೆ ಮಲ ಇನ್ನೂ ಮೆತ್ತಗಾಗುತ್ತದೆ. ಎರಡು ಮೂರು ವಾರ ನೋಡಿ ನಿರ್ಧರಿಸಿ. ಮಲ ಗಟ್ಟಿಯಾಗಲೆಂದು ಮೂಳೆ ಹಾಕುವುದು ಬೇಡ, ಅದು ಕಲ್ಲಿನಂತಾಗಿ ಸಿಕ್ಕಿಕೊಳ್ಳುತ್ತದೆ. ತೂಕದ ವಿಚಾರದಲ್ಲಿ, ಹೆಣ್ಣು ಲ್ಯಾಬ್ರಡಾರ್‌ಗೆ ಸಾಮಾನ್ಯವಾಗಿ 25ರಿಂದ 32 ಕೆ.ಜಿ. ಸಾಕು. ನಿಮ್ಮವಳ ಪಕ್ಕೆಲುಬು ಕೈಗೆ ಸುಲಭವಾಗಿ ಸಿಗದಿದ್ದರೆ ಅನ್ನದ ಪ್ರಮಾಣವನ್ನು ನಿಧಾನವಾಗಿ ಇಳಿಸಿ.

ಇಷ್ಟಾದ ಮೇಲೂ ಪಾದ ನೆಕ್ಕುವುದು, ಉಜ್ಜುವುದು ಮುಂದುವರಿದರೆ ಅಲರ್ಜಿಗೆಂದೇ ಚಿಕಿತ್ಸೆ ಬೇಕಾಗುತ್ತದೆ. ಆಹಾರದ ಅಲರ್ಜಿಯೋ ಎಂದು ತಿಳಿಯಲು ನಾಯಿ ಈವರೆಗೆ ತಿನ್ನದ ಒಂದು ಮಾಂಸ ಮತ್ತು ಒಂದು ಧಾನ್ಯವನ್ನು ಮಾತ್ರ ಎಂಟು ವಾರ ಕೊಟ್ಟು ನೋಡುವ ಪದ್ಧತಿಯಿದೆ. ಮನೆಮಂದಿಯಲ್ಲಿ ಒಬ್ಬರು ಬಿಸ್ಕತ್ತು ಹಾಕಿದರೂ ಪರೀಕ್ಷೆ ಕೆಡುತ್ತದೆ. ಮಳೆಗಾಲದಲ್ಲಿ ಮಾತ್ರ ಹೆಚ್ಚಾಗುವುದಾದರೆ ವಾತಾವರಣದ ಅಲರ್ಜಿಯ ಸಾಧ್ಯತೆ ಹೆಚ್ಚು, ಜೊತೆಗೆ ತೇವದಿಂದ ಬರುವ ಶಿಲೀಂಧ್ರದ ಸೋಂಕನ್ನೂ ನೋಡಬೇಕು.

ಕೆಲವೊಂದು ಲಕ್ಷಣಗಳಿದ್ದರೆ ಮಾತ್ರ ಕಾಯಬೇಡಿ. ವಯಸ್ಸಾದ ನಾಯಿಯಲ್ಲಿ ಒಂದೇ ಬದಿಯಲ್ಲಿ ಗಟ್ಟಿ ಗಂಟು ಸಿಕ್ಕು, ಹಿಂಡಿದ ಮೇಲೂ ಅದು ಕರಗದೆ, ಜೊತೆಗೆ ನಾಯಿ ವಿಪರೀತ ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತಿದ್ದರೆ ಗುದಚೀಲದ ಕ್ಯಾನ್ಸರನ್ನು ತಳ್ಳಿಹಾಕುವಂತಿಲ್ಲ. ಆ ಗಡ್ಡೆ ಕೆಲವು ನಾಯಿಗಳಲ್ಲಿ ರಕ್ತದ ಕ್ಯಾಲ್ಸಿಯಂ ಅನ್ನು ಏರಿಸುವುದರಿಂದ ಬಾಯಾರಿಕೆ ಹೆಚ್ಚುತ್ತದೆ, ಗಂಟು ಕಡಲೆಕಾಳಿನಷ್ಟಿದ್ದರೂ ಹೊಟ್ಟೆಯೊಳಗಿನ ದುಗ್ಧಗ್ರಂಥಿಗಳಿಗೆ ಹರಡಿರಬಹುದು. ಹೊರಗಿನಿಂದ ಮಾತ್ರ ಒತ್ತುವವರ ಬೆರಳಿಗೆ ಇದು ಸಿಗುವುದಿಲ್ಲ. ಜರ್ಮನ್ ಶೆಪರ್ಡ್ ನಾಯಿಗಳಲ್ಲಿ ಗುದದ ಸುತ್ತ ಹಲವು ತೂತುಗಳಾಗುವ ರೋಗ ಬೇರೆಯೇ, ಅದರ ಚಿಕಿತ್ಸೆಯೂ ಬೇರೆ.

ಎಲ್ಲ ಕಾರಣಗಳನ್ನೂ ಸರಿಪಡಿಸಿದ ಮೇಲೂ ಚೀಲ ಮತ್ತೆ ಮತ್ತೆ ತುಂಬುವ ನಾಯಿಗಳು ಕೆಲವು ಇವೆ. ಅವುಗಳಿಗೆ ಎಷ್ಟು ವಾರಕ್ಕೊಮ್ಮೆ ತುಂಬುತ್ತದೆ ಎಂಬುದನ್ನು ಗುರುತಿಟ್ಟುಕೊಂಡು ಅಷ್ಟಕ್ಕೆ ಮಾತ್ರ ಖಾಲಿ ಮಾಡಿಸುವುದು ಸರಿ, ಆ ಹಂತದಲ್ಲಿ ವೈದ್ಯರೇ ನಿಮ್ಮ ಕೈ ಹಿಡಿದು ಕಲಿಸಿದರೆ ಮನೆಯಲ್ಲಿ ಮಾಡುವುದಕ್ಕೂ ನನ್ನ ಆಕ್ಷೇಪವಿಲ್ಲ. ಬಾವು ಮರುಕಳಿಸುತ್ತಿದ್ದರೆ ಚೀಲಗಳನ್ನೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಬಹುದು. ಗುದದ ಸ್ನಾಯು ಮತ್ತು ಅದರ ನರ ಹತ್ತಿರದಲ್ಲೇ ಇರುವುದರಿಂದ ಮಲದ ಹಿಡಿತ ತಪ್ಪುವ ಅಪಾಯ ಸ್ವಲ್ಪ ಮಟ್ಟಿಗೆ ಇದ್ದೇ ಇದೆ, ಅನುಭವವಿರುವ ಶಸ್ತ್ರವೈದ್ಯರಲ್ಲೇ ಮಾಡಿಸಬೇಕು.

ಪಶುವೈದ್ಯರಲ್ಲಿಗೆ ಕರೆದೊಯ್ಯುವ ಹಿಂದಿನ ಎರಡು ವಾರ ಯಾರಿಂದಲೂ ಗ್ರಂಥಿ ಹಿಂಡಿಸಬೇಡಿ, ಸ್ನಾನವನ್ನೂ ಎರಡು ದಿನ ಮುಂದೂಡಿ. ಹಿಂಡಿದ ಚೀಲವನ್ನು ಮುಟ್ಟಿದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ, ತೊಳೆದ ರೋಮದಲ್ಲಿ ಚಿಗಟದ ಹಿಕ್ಕೆಯೂ ಹುಳುವಿನ ತುಂಡೂ ಉಳಿದಿರುವುದಿಲ್ಲ. ಆ ದಿನ ಬೆಳಗಿನ ಮಲವನ್ನು ಒಂದು ಚಿಕ್ಕ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಪಾದ ನೆಕ್ಕುವ ವಿಷಯವನ್ನು ಮೊದಲೇ ಹೇಳಿ.